ಇಬ್ಬರೇ ಇರುವ ಅಂಗಡಿಯ ಪಾಲುದಾರಿಕೆ ಮುಗಿಸುವ ಪತ್ರ: ಸಹಿಗೆ ಮೊದಲು ಏನೇನು ಇತ್ಯರ್ಥ ಆಗಬೇಕು

ಪ್ರಶ್ನೆ: ಸರ್, ತಿಪಟೂರಿನಲ್ಲಿ ನಾನು ಮತ್ತು ನನ್ನ ಸ್ನೇಹಿತ ಸೇರಿ 9 ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇವೆ. ಲಾಭ-ನಷ್ಟ ಅರ್ಧರ್ಧ. ಫರ್ಮ್ ನೋಂದಣಿ ಆಗಿದೆ. ನನಗೆ ಇನ್ನು ಮುಂದುವರಿಸಲು ಇಷ್ಟವಿಲ್ಲ. ಅವನು ಅದೇ ಅಂಗಡಿಯನ್ನು ಒಬ್ಬನೇ ನಡೆಸುತ್ತಾನೆ. ಒಂದು ಪುಟದ ಪತ್ರ ತಂದು ಕೊಟ್ಟಿದ್ದಾನೆ: ‘ಮಾರ್ಚ್ 31ರಿಂದ ನಾನು ಸ್ವಇಚ್ಛೆಯಿಂದ ನಿವೃತ್ತನಾಗಿದ್ದೇನೆ. ನಮ್ಮಿಬ್ಬರ ನಡುವೆ ಕೊಡುವುದು ತೆಗೆದುಕೊಳ್ಳುವುದು ಏನೂ ಬಾಕಿ ಇಲ್ಲ.’ ಈಗ ಮೇ ತಿಂಗಳು. ಬ್ಯಾಂಕಿನ ಓಡಿ ಸಾಲಕ್ಕೆ ನನ್ನ ಸೈಟಿನ ಪತ್ರ ಕೊಟ್ಟಿದ್ದೇವೆ. ಆಡಿಟರ್ ಮಾಡಿಕೊಟ್ಟ ಮಾರ್ಚ್ ಲೆಕ್ಕದ ಹಾಳೆ ಜೊತೆಗಿಟ್ಟಿದ್ದೇನೆ. ಸಹಿ ಹಾಕಬಹುದಾ? ಇಲ್ಲದಿದ್ದರೆ ಪತ್ರ ಹೇಗಿರಬೇಕು?

ಉತ್ತರ: ಈ ಪತ್ರಕ್ಕೆ ಸಹಿ ಹಾಕಬೇಡಿ. ನಿಮ್ಮ ಸ್ನೇಹಿತರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬೇಗ ಮುಗಿಯಲಿ ಎಂದು ಎಷ್ಟೋ ಜನ ಇಂಥ ಪತ್ರ ಬರೆಸುತ್ತಾರೆ. ಆದರೆ ಇದರಲ್ಲಿ ನಿಮ್ಮ ಹಕ್ಕು ಪೂರ್ತಿ ಹೋಗುತ್ತದೆ, ಹೊಣೆ ಮಾತ್ರ ಪೂರ್ತಿ ಉಳಿಯುತ್ತದೆ. ‘ಬಾಕಿ ಏನೂ ಇಲ್ಲ’ ಎಂದು ನೀವು ಸಹಿ ಹಾಕಿದರೆ ಅವರಿಂದ ಬರಬೇಕಾದ್ದನ್ನು ನಾಳೆ ಕೇಳುವುದು ಬಹಳ ಕಷ್ಟ. ಬ್ಯಾಂಕು, ಮಾಲು ಕೊಟ್ಟ ಪಾರ್ಟಿಗಳು, ತೆರಿಗೆ ಇಲಾಖೆ ಈ ಮೂವರೂ ನಿಮ್ಮನ್ನು ಕೇಳುವುದಕ್ಕೆ ಈ ಪತ್ರ ಅಡ್ಡಿಯಾಗುವುದಿಲ್ಲ, ಏಕೆಂದರೆ ಅವರು ಯಾರೂ ಇದಕ್ಕೆ ಒಪ್ಪಿಲ್ಲ.

ಮೊದಲು ಒಂದು ಮೂಲ ವಿಷಯ. ಫರ್ಮಿನಲ್ಲಿ ಮೂರು ಜನ ಇದ್ದು ಒಬ್ಬರು ಹೊರಗೆ ಹೋದರೆ, ಉಳಿದ ಇಬ್ಬರ ಫರ್ಮ್ ನಡೆಯುತ್ತದೆ. ನಿಮ್ಮಲ್ಲಿ ಇರುವುದೇ ಇಬ್ಬರು. ಒಬ್ಬರು ಹೋದರೆ ಪಾಲುದಾರಿಕೆ ಅನ್ನುವುದೇ ಇರುವುದಿಲ್ಲ. ಹಾಗಾಗಿ ಪತ್ರದಲ್ಲಿ ನಿವೃತ್ತಿ ಎಂದು ಬರೆದರೂ ಕಾನೂನಿನ ಕಣ್ಣಿನಲ್ಲಿ ಫರ್ಮ್ ವಿಸರ್ಜನೆ ಆಗಿರುತ್ತದೆ. ನಿಮ್ಮ ಸ್ನೇಹಿತರು ನಾಳೆಯಿಂದ ಒಬ್ಬರೇ ಮಾಲೀಕರು. ಫರ್ಮಿನ ಪ್ಯಾನ್ ಅವರಿಗೆ ಬರುವುದಿಲ್ಲ. ಜಿಎಸ್‌ಟಿ ನಂಬರು ಪ್ಯಾನ್ ಮೇಲೆ ನಿಂತಿರುವುದರಿಂದ ಅದೂ ಬರುವುದಿಲ್ಲ. ಈ ಪತ್ರವನ್ನು ನಂಬಿಕೊಂಡು ಅವರು ಹಳೇ ನಂಬರಿನಲ್ಲೇ ಬಿಲ್ ಹಾಕುತ್ತಾ ಹೋದರೆ, ಇಲಾಖೆಯ ದಾಖಲೆಯಲ್ಲಿ ನೀವು ಇನ್ನೂ ಪಾಲುದಾರರೇ. ಅದಕ್ಕೇ ನಿಮಗೆ ಬೇಕಾಗಿರುವುದು ನಿವೃತ್ತಿ ಪತ್ರವಲ್ಲ, ಇಬ್ಬರೂ ಸಹಿ ಮಾಡುವ ಪಾಲುದಾರಿಕೆ ವಿಸರ್ಜನಾ ಪತ್ರ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 40ನೇ ಕಲಂ ಪ್ರಕಾರ ಎಲ್ಲ ಪಾಲುದಾರರೂ ಒಪ್ಪಿದರೆ ಫರ್ಮನ್ನು ಹೀಗೆ ಮುಗಿಸಬಹುದು.

ಎರಡನೆಯದು ತಾರೀಕು. ಮೇ ತಿಂಗಳಲ್ಲಿ ಕೂತು ಮಾರ್ಚ್ 31 ಎಂದು ಬರೆಯಬೇಡಿ. ಏಪ್ರಿಲ್‌ನಲ್ಲಿ ಫರ್ಮಿನ ಹೆಸರಲ್ಲಿ ಮಾಲು ಬಂದಿದೆ, ಬಿಲ್ ಆಗಿದೆ, ಓಡಿಯಿಂದ ಹಣ ಓಡಾಡಿದೆ. ಕಾಗದ ಒಂದು ಹೇಳಿ ಲೆಕ್ಕ ಇನ್ನೊಂದು ಹೇಳಿದರೆ ಎರಡನ್ನೂ ಯಾರೂ ನಂಬುವುದಿಲ್ಲ. ಮುಂದಿನ ಒಂದು ತಿಂಗಳ ಕೊನೆಯನ್ನು ಹಿಡಿಯಿರಿ, ಜೂನ್ 30 ಎಂದುಕೊಳ್ಳಿ. ತಿಂಗಳ ಕೊನೆಗೆ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳ ಎಲ್ಲ ಒಂದೇ ಕಡೆ ನಿಲ್ಲುತ್ತವೆ. ಆ ದಿನ ಸಂಜೆಯವರೆಗಿನದ್ದು ಇಬ್ಬರದ್ದು, ಮರುದಿನದಿಂದ ಅವರೊಬ್ಬರದ್ದು. ಪತ್ರದ ಮೊದಲ ಅಂಶ ಹೀಗಿರಲಿ:

“ನಾವಿಬ್ಬರೂ ಒಪ್ಪಿ, ನಮ್ಮ ಪಾಲುದಾರಿಕೆ ಫರ್ಮನ್ನು ಜೂನ್ 30ರ ವ್ಯಾಪಾರ ಮುಗಿದ ಹೊತ್ತಿನಿಂದ ವಿಸರ್ಜಿಸಿದ್ದೇವೆ. ಆ ಹೊತ್ತಿನ ನಂತರ ಅಂಗಡಿಯಲ್ಲಿ ಆಗುವ ಎಲ್ಲ ಖರೀದಿ, ಮಾರಾಟ, ಸಾಲ, ತೆರಿಗೆ ಎರಡನೆಯ ಪಾಲುದಾರರ ಸ್ವಂತ ವ್ಯವಹಾರ. ಮೊದಲನೆಯ ಪಾಲುದಾರರಿಗೆ ಅದರಲ್ಲಿ ಹಕ್ಕೂ ಇಲ್ಲ, ಹೊಣೆಯೂ ಇಲ್ಲ.”

ಈಗ ಹಣದ ಲೆಕ್ಕ. ನಿಮ್ಮ ಮಾರ್ಚ್ ಹಾಳೆಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಜೂನ್‌ಗೆ ಅಂಕಿ ಬದಲಾಗುತ್ತದೆ, ದಾರಿ ಇದೇ.

ಹಾಳೆಯಲ್ಲಿ ಆಸ್ತಿ ಕಡೆ ಸರಕು 18 ಲಕ್ಷ, ಉದ್ರಿ 6.50 ಲಕ್ಷ, ರ‍್ಯಾಕು, ಕಂಪ್ಯೂಟರು, ಲಗೇಜ್ ಆಟೋ ಸೇರಿ 2.20 ಲಕ್ಷ, ಮಳಿಗೆಯ ಅಡ್ವಾನ್ಸ್ 3 ಲಕ್ಷ, ಕೈಯಲ್ಲೂ ಕರೆಂಟ್ ಅಕೌಂಟಿನಲ್ಲೂ ಸೇರಿ 80 ಸಾವಿರ. ಒಟ್ಟು 30.50 ಲಕ್ಷ. ಸಾಲದ ಕಡೆ ಪಾರ್ಟಿಗಳಿಗೆ ಕೊಡಬೇಕಾದ್ದು 5.50 ಲಕ್ಷ, ಬ್ಯಾಂಕ್ ಓಡಿ 6 ಲಕ್ಷ, ನಿಮ್ಮ ಸ್ನೇಹಿತರು ಬಂಡವಾಳದ ಹೊರತಾಗಿ ಕೈಸಾಲವಾಗಿ ಹಾಕಿದ್ದು 2 ಲಕ್ಷ. ಉಳಿದದ್ದು ಬಂಡವಾಳ: ನಿಮ್ಮದು 7 ಲಕ್ಷ, ಅವರದ್ದು 10 ಲಕ್ಷ.

ಈ ಹಾಳೆ ನೋಡಿ ‘ನನಗೆ 7 ಲಕ್ಷ ಕೊಡಿ’ ಎಂದರೆ ಅದೂ ಸರಿಯಲ್ಲ. ಇವು ಪುಸ್ತಕದ ಬೆಲೆಗಳು. ಮುಚ್ಚುವ ದಿನ ನಿಜವಾಗಿ ಏನು ಬೆಲೆ ಎಂಬುದು ಬೇರೆ, ಮತ್ತು ಜಗಳ ಹುಟ್ಟುವುದು ಇಲ್ಲೇ.

ಸರಕನ್ನು ಎಣಿಸದೆ ಬಿಡಬೇಡಿ. ಟ್ಯಾಲಿಯಲ್ಲಿರುವ ಸ್ಟಾಕಿಗೂ ಗೋಡೌನಿನಲ್ಲಿರುವುದಕ್ಕೂ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವಾಗಲೂ ವ್ಯತ್ಯಾಸ ಇರುತ್ತದೆ. ಮೊಳೆ, ಸ್ಕ್ರೂ, ಪೈಪ್ ಫಿಟಿಂಗು ಬಿಡಿಯಾಗಿ ಹೋಗುವ ಮಾಲು ಅಲ್ವಾ. ಒಂದು ದಿನ ಶಟರ್ ಎಳೆದು ಇಬ್ಬರೂ ಕೂತು ಎಣಿಸಿ. ಪ್ರತಿ ಹಾಳೆಯ ಕೆಳಗೆ ಇಬ್ಬರೂ ಸಹಿ ಮಾಡಿ. ಬಿಲ್ ಬಂದು ಮಾಲು ಇನ್ನೂ ಲಾರಿಯಲ್ಲಿರುವುದನ್ನು, ಮಾಲು ಬಂದು ಬಿಲ್ ಬಾರದೇ ಇರುವುದನ್ನು ಬೇರೆ ಬರೆದುಕೊಳ್ಳಿ. ಇಲ್ಲದಿದ್ದರೆ ಸಾಲದಲ್ಲಿ ಅದು ಸೇರಿ ಸರಕಿನಲ್ಲಿ ಸೇರದೆ ನಿಮ್ಮ ಪಾಲು ಸುಮ್ನೆ ಕಮ್ಮಿಯಾಗುತ್ತದೆ.

ಬೆಲೆ ಹಾಕುವಾಗ ಒಂದೇ ನಿಯಮ ಹಿಡಿಯಿರಿ ಮತ್ತು ಅದನ್ನು ಎಣಿಸುವ ಮೊದಲೇ ಬರೆದಿಡಿ. ನಾನು ಹೇಳುವುದು ಹೀಗೆ: ಓಡುವ ಮಾಲಿಗೆ ಜಿಎಸ್‌ಟಿ ಬಿಟ್ಟು ಈಗಿನ ಖರೀದಿ ಬೆಲೆ. ಒಂದು ವರ್ಷದಿಂದ ಒಂದೂ ಹೋಗದ ಮಾಲಿಗೆ ಅರ್ಧ. ಅವಧಿ ಮೀರಿದ ಪೇಂಟು, ತುಕ್ಕು ಹಿಡಿದದ್ದು, ಗಟ್ಟಿಯಾದ ಸಿಮೆಂಟಿಗೆ ಗುಜರಿ ಬೆಲೆ ಅಥವಾ ಸೊನ್ನೆ. ಮೊದಲೇ ಬರೆದಿಡಿ ಎಂದದ್ದಕ್ಕೆ ಕಾರಣವಿದೆ. ಎಣಿಸುತ್ತಾ ಎಣಿಸುತ್ತಾ ನಿಯಮ ಮಾಡಿದರೆ, ಅಂಗಡಿ ಉಳಿಸಿಕೊಳ್ಳುವವರಿಗೆ ಎಲ್ಲವೂ ಡೆಡ್ ಸ್ಟಾಕ್ ಆಗಿ ಕಾಣುತ್ತದೆ, ಹೋಗುವವರಿಗೆ ಎಲ್ಲವೂ ಓಡುವ ಮಾಲಾಗಿ ಕಾಣುತ್ತದೆ. ನಿಮ್ಮ ಉದಾಹರಣೆಯಲ್ಲಿ 18 ಲಕ್ಷದ ಸರಕು 15.50 ಲಕ್ಷಕ್ಕೆ ನಿಂತಿತು ಎಂದುಕೊಳ್ಳೋಣ.

ಉದ್ರಿಯೂ ಹಾಗೆಯೇ. 6.50 ಲಕ್ಷದಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ನಿಮ್ಮಿಬ್ಬರಿಗೂ ಗೊತ್ತಿರುತ್ತದೆ. ಉದ್ರಿ ಪುಸ್ತಕ ಹಿಡಿದು ಹೆಸರು ಹೆಸರಿಗೆ ಹೋಗಿ. ಹಳೇ ಬಾಕಿಯವರ ಹತ್ತಿರ ‘ಇಷ್ಟು ಕೊಡಬೇಕು’ ಎಂದು ತಾರೀಕು ಹಾಕಿಸಿ ಸಹಿ ಪಡೆಯಿರಿ. ಮಾಲು ಕೊಟ್ಟ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಗಡುವು. ಗಡುವಿನೊಳಗೆ ಸಾಲಗಾರ ಬರಹದಲ್ಲಿ ಒಪ್ಪಿಕೊಂಡರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ಹೀಗೆ ನೋಡಿದಾಗ 5 ಲಕ್ಷ ಗಟ್ಟಿ, 1.50 ಲಕ್ಷ ಅನುಮಾನ ಎಂದಾಯಿತು ಅಂದುಕೊಳ್ಳಿ. ಗಟ್ಟಿಯದನ್ನು ನಿಮ್ಮ ಸ್ನೇಹಿತರು ಪೂರ್ತಿ ಬೆಲೆಗೆ ವಹಿಸಿಕೊಳ್ಳಲಿ. ಅನುಮಾನದ 1.50 ಲಕ್ಷಕ್ಕೆ ಈಗ ಬೆಲೆ ಸೊನ್ನೆ ಹಾಕಿ, ಆದರೆ ಬಿಟ್ಟುಕೊಡಬೇಡಿ. ಅದು ಯಾವಾಗ ಬಂದರೂ ಅರ್ಧರ್ಧ ಎಂದು ಬರೆಯಿರಿ. ಅಂಗಡಿಯಲ್ಲಿ ಕೂರುವವರು ಅವರು, ಗಿರಾಕಿ ಹಣ ತಂದುಕೊಡುವುದೂ ಅವರ ಕೈಗೇ. ಇದನ್ನು ಬರೆಯದಿದ್ದರೆ ಆ ಹಣ ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ರ‍್ಯಾಕು, ಆಟೋ ಇತ್ಯಾದಿ 2.20 ಲಕ್ಷದ್ದು 2 ಲಕ್ಷಕ್ಕೆ ಇಳಿಯಿತು ಎನ್ನೋಣ. ಆಟೋ ಆರ್‌ಸಿ ಯಾರ ಹೆಸರಿನಲ್ಲಿದೆ ನೋಡಿ. ನಿಮ್ಮ ಹೆಸರಿನಲ್ಲಿದ್ದರೆ ವರ್ಗಾವಣೆ ಆಗದೆ ಗಾಡಿ ಬಿಡಬೇಡಿ, ಅಪಘಾತ ಆದರೆ ಪರಿಹಾರದ ಕೇಸು ಆರ್‌ಸಿಯಲ್ಲಿರುವ ಹೆಸರಿಗೆ ಬರುತ್ತದೆ. ಮಳಿಗೆಯ ಅಡ್ವಾನ್ಸ್ 3 ಲಕ್ಷ ಹಾಗೇ ಇರಲಿ, ಆದರೆ ಮಾಲೀಕರು ಹೊಸ ಬಾಡಿಗೆ ಕರಾರನ್ನು ನಿಮ್ಮ ಸ್ನೇಹಿತರೊಬ್ಬರ ಹೆಸರಿಗೇ ಮಾಡಿಕೊಡಬೇಕು.

ಹಾಳೆಯಲ್ಲಿ ಇಲ್ಲದ ಎರಡು ವಿಷಯ ಇವೆ. ಒಂದು, ಇನ್ನೂ ಪುಸ್ತಕಕ್ಕೆ ಬರದ ಖರ್ಚು: ಕೊನೆಯ ತಿಂಗಳ ಜಿಎಸ್‌ಟಿ, ಹುಡುಗರ ಸಂಬಳ-ಬೋನಸ್, ಬೆಸ್ಕಾಂ ಬಿಲ್ಲು, ಆಡಿಟರ್ ಫೀಸು. ಇದು 70 ಸಾವಿರ ಎಂದಿಟ್ಟುಕೊಳ್ಳಿ. ಇನ್ನೊಂದು, ಅಂಗಡಿಯ ಹೆಸರು ಮತ್ತು ಜಾಗಕ್ಕಿರುವ ಬೆಲೆ, ಅಂದರೆ ಗುಡ್‌ವಿಲ್. 9 ವರ್ಷದಲ್ಲಿ ಮೇಸ್ತ್ರಿಗಳು, ಪ್ಲಂಬರ್‌ಗಳು ಬಂದು ಬಂದು ಅಭ್ಯಾಸವಾದ ಅಂಗಡಿ. ನಾಳೆ ಅದೇ ಬೋರ್ಡಿನ ಕೆಳಗೆ ಅವರು ವ್ಯಾಪಾರ ಮಾಡುತ್ತಾರೆ. ಫರ್ಮ್ ಮುಗಿಸುವಾಗ ಗುಡ್‌ವಿಲ್ ಕೂಡ ಆಸ್ತಿಯೇ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಸಣ್ಣ ಅಂಗಡಿಗಳಲ್ಲಿ ಕಳೆದ ಕೆಲವು ವರ್ಷಗಳ ಸರಾಸರಿ ಲಾಭ ನೋಡಿ ಒಂದು ಮೊತ್ತಕ್ಕೆ ಒಪ್ಪುವುದು ರೂಢಿ. ಇಲ್ಲಿ 2 ಲಕ್ಷಕ್ಕೆ ಒಪ್ಪಿದಿರಿ ಎಂದುಕೊಳ್ಳಿ.

ಈಗ ಕೂಡಿಸಿ ನೋಡೋಣ. ಸರಕಿನಲ್ಲಿ 2.50, ಉದ್ರಿಯಲ್ಲಿ 1.50, ಸಾಮಾನಿನಲ್ಲಿ 0.20, ಬರೆಯದ ಖರ್ಚಿನಲ್ಲಿ 0.70 ಸೇರಿ ಒಟ್ಟು 4.90 ಲಕ್ಷ ಕಡಿಮೆಯಾಯಿತು. ಗುಡ್‌ವಿಲ್‌ನಿಂದ 2 ಲಕ್ಷ ಜಾಸ್ತಿಯಾಯಿತು. ನಿವ್ವಳ ನಷ್ಟ 2.90 ಲಕ್ಷ. ಲಾಭ-ನಷ್ಟ ಅರ್ಧರ್ಧ ಆದ್ದರಿಂದ ತಲಾ 1.45 ಲಕ್ಷ. ನಿಮ್ಮ 7 ಲಕ್ಷದಲ್ಲಿ ಅದನ್ನು ಕಳೆದರೆ 5.55 ಲಕ್ಷ. ಅವರ 10 ಲಕ್ಷದಲ್ಲಿ ಕಳೆದರೆ 8.55 ಲಕ್ಷ. ಅಂದರೆ ‘ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲ’ ಎಂಬ ಒಂದು ಸಾಲಿನಲ್ಲಿ ನೀವು ಸುಮಾರು ಐದೂವರೆ ಲಕ್ಷ ಬಿಟ್ಟುಕೊಡುತ್ತಿದ್ದಿರಿ.

ಇಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ. ಲಾಭದ ಪಾಲು ಅರ್ಧ ಅಂದ ಮಾತ್ರಕ್ಕೆ ಆಸ್ತಿಯೂ ಅರ್ಧರ್ಧ ಅಲ್ಲ. ಕಾಯ್ದೆಯ 48ನೇ ಕಲಂ ಕ್ರಮ ಹಾಕಿಕೊಟ್ಟಿದೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರ ಕೊಟ್ಟ ಕೈಸಾಲ, ಆಮೇಲೆ ಅವರವರ ಬಂಡವಾಳ, ಇನ್ನೂ ಉಳಿದರೆ ಮಾತ್ರ ಲಾಭದ ಪ್ರಮಾಣದಲ್ಲಿ ಹಂಚಿಕೆ. ಹಾಗಾಗಿ ಅವರ 2 ಲಕ್ಷ ಕೈಸಾಲವನ್ನು ನೀವು ಒಪ್ಪಲೇಬೇಕು. ಅದು ಬ್ಯಾಂಕ್ ಮೂಲಕ ಬಂದಿದೆಯಾ, ಪುಸ್ತಕದಲ್ಲಿ ಯಾವ ವರ್ಷದಿಂದ ಇದೆ ಎಂದು ನೋಡುವುದು ನಿಮ್ಮ ಹಕ್ಕು.

ಈ ಲೆಕ್ಕವನ್ನು ಪತ್ರದ ಒಳಗೆ ತುರುಕಬೇಡಿ. ಬೇರೆ ಹಾಳೆಗಳಲ್ಲಿ ಅನುಬಂಧವಾಗಿ ಮಾಡಿ: ಸರಕಿನ ಪಟ್ಟಿ, ಉದ್ರಿ ಪಟ್ಟಿ, ಸಾಲದ ಪಟ್ಟಿ, ಕೊನೆಯ ಲೆಕ್ಕ. ಪ್ರತಿ ಹಾಳೆಗೂ ಇಬ್ಬರ ಸಹಿ. ಪತ್ರದಲ್ಲಿ ಹೀಗೆ ಬರೆದರೆ ಸಾಕು:

“ಅನುಬಂಧ 1ರಿಂದ 4ರಲ್ಲಿರುವ ಎಣಿಕೆ, ಬೆಲೆ ಮತ್ತು ಲೆಕ್ಕವನ್ನು ನಾವಿಬ್ಬರೂ ನೋಡಿ ಒಪ್ಪಿದ್ದೇವೆ. ಅದರಂತೆ ಫರ್ಮಿನ ಎಲ್ಲ ಆಸ್ತಿ, ಉದ್ರಿ, ಹೆಸರು ಮತ್ತು ಗುಡ್‌ವಿಲ್ ಎರಡನೆಯ ಪಾಲುದಾರರಿಗೆ ಸೇರುತ್ತದೆ. ಮೊದಲನೆಯ ಪಾಲುದಾರರಿಗೆ ₹5,55,000 ಬರಬೇಕು. ಇದರಲ್ಲಿ ₹2,55,000 ಇಂದು ಬ್ಯಾಂಕ್ ಮೂಲಕ ಸಂದಾಯವಾಗಿದೆ. ಉಳಿದ ₹3,00,000ಕ್ಕೆ ತಿಂಗಳಿಗೆ ₹50,000ರಂತೆ 6 ಚೆಕ್‌ಗಳನ್ನು ಕೊಡಲಾಗಿದೆ. ಯಾವುದೇ ಒಂದು ಕಂತು ತಪ್ಪಿದರೆ ಉಳಿದ ಪೂರ್ತಿ ಮೊತ್ತವನ್ನು ಬಡ್ಡಿಸಹಿತ ಒಮ್ಮೆಗೇ ಕೊಡಬೇಕು. ಅನುಮಾನದ ಉದ್ರಿ ಎಂದು ಗುರುತಿಸಿದ ₹1,50,000ದಲ್ಲಿ ವಸೂಲಾದದ್ದನ್ನು, ಮತ್ತು ಜೂನ್ 30ರವರೆಗಿನ ಖರೀದಿಗೆ ಕಂಪನಿಗಳಿಂದ ಆಮೇಲೆ ಬರುವ ಸ್ಕೀಮ್ ಮತ್ತು ಕ್ರೆಡಿಟ್ ನೋಟ್‌ಗಳನ್ನು, ಬಂದ 15 ದಿನದೊಳಗೆ ಅರ್ಧರ್ಧ ಹಂಚಿಕೊಳ್ಳಬೇಕು.”

ಆ ಕ್ರೆಡಿಟ್ ನೋಟ್ ಮಾತನ್ನು ಬಿಡಬೇಡಿ. ಪೇಂಟು, ಪೈಪು ಕಂಪನಿಗಳ ವರ್ಷದ ಟರ್ನೋವರ್ ಸ್ಕೀಮು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ದುಡಿದದ್ದು ಇಬ್ಬರು, ಬರುವ ಹೊತ್ತಿಗೆ ಇರುವುದು ಒಬ್ಬರು. ಬಡ್ಡಿಯ ದರವನ್ನೂ ಅಂಕಿಯಲ್ಲೇ ಬರೆಯಿರಿ. ಹೋಗುವ ಪಾಲುದಾರರ ಲೆಕ್ಕ ತೀರಿಸದೆ ಅವರ ಆಸ್ತಿ ಬಳಸಿ ಉಳಿದವರು ವ್ಯಾಪಾರ ಮಾಡಿದರೆ, ಅಲ್ಲಿಯವರೆಗಿನ ಲಾಭದಲ್ಲಿ ತಕ್ಕ ಪಾಲು ಅಥವಾ ವರ್ಷಕ್ಕೆ 6% ಬಡ್ಡಿ, ಎರಡರಲ್ಲಿ ಒಂದನ್ನು ಕೇಳಬಹುದು ಎಂದು 37ನೇ ಕಲಂ ಹೇಳುತ್ತದೆ. ಅದು ಕರಾರು ಇಲ್ಲದಿದ್ದಾಗಿನ ಮಾತು. ನಿಮ್ಮಿಬ್ಬರಲ್ಲಿ ಸ್ಪಷ್ಟ ದರ ಇದ್ದರೆ ವಾದವೇ ಬರುವುದಿಲ್ಲ.

ಇನ್ನು ಸಾಲ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ಎಚ್ಚರ ಬೇಕಾದದ್ದು ಇಲ್ಲಿ. ‘ಎಲ್ಲ ಸಾಲ ಎರಡನೆಯ ಪಾಲುದಾರರೇ ತೀರಿಸತಕ್ಕದ್ದು’ ಎಂದು ಬರೆದರೆ ನಿಮ್ಮ ಎದೆಭಾರ ಇಳಿದಂತೆ ಅನಿಸುತ್ತದೆ. ಆದರೆ ಅದು ನಿಮ್ಮಿಬ್ಬರ ನಡುವಿನ ಮಾತು ಮಾತ್ರ. ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ. ಪೈಪ್ ಕಂಪನಿ ತನ್ನ 2 ಲಕ್ಷಕ್ಕೆ ನಿಮ್ಮೊಬ್ಬರ ಮೇಲೆಯೇ ದಾವೆ ಹಾಕಬಹುದು. ನೀವು ಕೊಟ್ಟು, ಆಮೇಲೆ ಈ ಪತ್ರ ಹಿಡಿದು ಸ್ನೇಹಿತರಿಂದ ವಸೂಲಿ ಮಾಡಿಕೊಳ್ಳಬೇಕು. ಸಾಲ ಕೊಟ್ಟವರೇ ನಿಮ್ಮನ್ನು ಬಿಟ್ಟಿದ್ದೇವೆ ಎಂದು ಬರೆದುಕೊಟ್ಟರೆ ಮಾತ್ರ ನೀವು ಹೊರಗೆ.

ಬ್ಯಾಂಕಿನಿಂದ ಶುರು ಮಾಡಿ, ಸೈಟು ಇರುವುದು ಅಲ್ಲೇ. ಪತ್ರಕ್ಕೆ ಸಹಿ ಬೀಳುವ ಮೊದಲು ಇಬ್ಬರೂ ಮ್ಯಾನೇಜರ್ ಹತ್ತಿರ ಹೋಗಿ. ಸರಿಯಾದ ದಾರಿ ಎಂದರೆ, ನಿಮ್ಮ ಸ್ನೇಹಿತರ ಸ್ವಂತ ಹೆಸರಿಗೆ, ಅವರ ಸ್ವಂತ ಜಾಮೀನಿನ ಮೇಲೆ ಹೊಸ ಓಡಿ ಮಂಜೂರಾಗಬೇಕು. ಅದರಿಂದ ಹಳೇ 6 ಲಕ್ಷ ತೀರಬೇಕು. ಹಳೇ ಖಾತೆ ಮುಚ್ಚಿ ನಿಮ್ಮ ಸೈಟಿನ ಮೂಲ ಪತ್ರ ನಿಮ್ಮ ಕೈಗೆ ಬರಬೇಕು. ಬ್ಯಾಂಕಿನವರು ‘ಹೆಸರು ತೆಗೆದು ಹಾಕುತ್ತೇವೆ ಬಿಡಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನಿಮ್ಮ ವೈಯಕ್ತಿಕ ಜಾಮೀನು ಮತ್ತು ಸೈಟಿನ ಅಡಮಾನ ಎರಡೂ ಬಿಡುಗಡೆ ಆಗಿದೆ ಎಂಬ ಪತ್ರ ಬೇಕು. ಹಕ್ಕುಪತ್ರ ಒಪ್ಪಿಸಿದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಆಗಿದ್ದರೆ ಅದರ ಖುಲಾಸೆಯನ್ನೂ ಅಲ್ಲೇ ನೋಂದಣಿ ಮಾಡಿಸಿ. ಆಮೇಲೆ ಹೊಸ ಇಸಿ ತೆಗೆಸಿ ನೋಡಿ, ಬ್ಯಾಂಕಿನ ಹೊರೆ ತೀರಿದೆ ಎಂಬ ನಮೂದು ಅದರಲ್ಲಿ ಬರಬೇಕು. ಎಷ್ಟೋ ಜನ ಹತ್ತು ವರ್ಷದ ಮೇಲೆ ಸೈಟು ಮಾರಲು ಹೋದಾಗ ಹಳೇ ಅಂಗಡಿಯ ಸಾಲ ಇಸಿಯಲ್ಲಿ ಎದ್ದು ಬರುತ್ತದೆ.

ಹೊಸ ಓಡಿಗೆ ಸಮಯ ಹಿಡಿಯುತ್ತದೆ ಎಂದಾದರೆ, ವಿಸರ್ಜನೆಯ ದಿನವೇ ಬ್ಯಾಂಕಿಗೆ ಇಬ್ಬರೂ ಸೇರಿ ಪತ್ರ ಕೊಡಿ. ಹಳೇ ಓಡಿಯಿಂದ ಇನ್ನು ಹಣ ತೆಗೆಯುವಂತಿಲ್ಲ, ಜಮಾ ಮಾತ್ರ ತೆಗೆದುಕೊಳ್ಳಬೇಕು ಎಂದು ಅದರಲ್ಲಿರಲಿ. ಖಾತೆ ಓಡುತ್ತಾ ಇದ್ದರೆ ಜೂನ್ 30ರ 6 ಲಕ್ಷ ಯಾವುದು, ಆಮೇಲಿನದ್ದು ಯಾವುದು ಎಂದು ಬಿಡಿಸುವುದೇ ಆಗುವುದಿಲ್ಲ. ಕೌಂಟರ್ ಮೇಲಿನ ಕ್ಯೂಆರ್ ಕೋಡನ್ನೂ ಅಂದೇ ಬದಲಿಸಬೇಕು, ಇಲ್ಲದಿದ್ದರೆ ಅವರ ಹೊಸ ವ್ಯಾಪಾರದ ಹಣ ಹಳೇ ಫರ್ಮಿನ ಖಾತೆಗೆ ಬಂದು ಲೆಕ್ಕ ಕಲಸಿಹೋಗುತ್ತದೆ. ನೀವು ಸಹಿ ಮಾಡಿ ಇಟ್ಟ ಖಾಲಿ ಚೆಕ್ ಎಲೆಗಳು ಡ್ರಾಯರ್‌ನಲ್ಲಿದ್ದರೆ ವಾಪಸ್ ತೆಗೆದುಕೊಳ್ಳಿ. ಪಾರ್ಟಿಗಳಿಗೆ ಮುಂದಿನ ತಾರೀಕಿನ ಚೆಕ್ ಕೊಟ್ಟಿದ್ದರೆ ನಂಬರು, ಮೊತ್ತ ಸಮೇತ ಸಾಲದ ಪಟ್ಟಿಯಲ್ಲಿ ಬರೆಯಿರಿ. ನಿಮ್ಮ ಸಹಿಯ ಚೆಕ್ ಬೌನ್ಸ್ ಆದರೆ ಕೇಸು ನಿಮ್ಮ ಮೇಲೇ.

ಪಾರ್ಟಿಗಳ 5.50 ಲಕ್ಷಕ್ಕೆ, ಪ್ರತಿಯೊಬ್ಬರಿಂದ ಜೂನ್ 30ರ ಬಾಕಿ ಎಷ್ಟು ಎಂದು ಬರಹದಲ್ಲಿ ತರಿಸಿ. ಮೊತ್ತ ದೊಡ್ಡದಿದ್ದರೆ ನಿಮ್ಮನ್ನು ಬಿಡುಗಡೆ ಮಾಡಿದ ಪತ್ರ ಕೇಳಿ. ಕೊಡದಿದ್ದರೆ 60 ದಿನದೊಳಗೆ ತೀರಿಸಿ ರಸೀದಿಯ ಪ್ರತಿ ಕೊಡಬೇಕೆಂದು ಸ್ನೇಹಿತರನ್ನು ಪತ್ರದಲ್ಲಿ ಕಟ್ಟಿಹಾಕಿ.

ತೆರಿಗೆಯ ಹೊಣೆ ಇನ್ನೂ ಉದ್ದ. ಫರ್ಮ್ ಮುಗಿದ ಮೇಲೂ, ಮುಗಿಯುವವರೆಗಿನ ಜಿಎಸ್‌ಟಿಗೆ ಇಬ್ಬರೂ ಒಟ್ಟಾಗಿಯೂ ಬೇರೆ ಬೇರೆಯಾಗಿಯೂ ಹೊಣೆ. ಹಳೇ ವರ್ಷದ ನೋಟಿಸು ಮೂರು ವರ್ಷ ಕಳೆದ ಮೇಲೂ ಬರುತ್ತದೆ. ಇಂದು ಗೊತ್ತಿಲ್ಲದ ಸಾಲಕ್ಕೆ ಇಂದೇ ಜಾಗ ಮಾಡಬೇಕು:

“ಅನುಬಂಧ 3ರಲ್ಲಿ ಬರೆದ ಎಲ್ಲ ಸಾಲಗಳನ್ನು ಎರಡನೆಯ ಪಾಲುದಾರರು ತೀರಿಸುತ್ತಾರೆ. ಅವುಗಳಿಗಾಗಿ ಮೊದಲನೆಯ ಪಾಲುದಾರರು ಏನಾದರೂ ಕೊಡಬೇಕಾಗಿ ಬಂದರೆ, ಕೊಟ್ಟ ಮೊತ್ತ, ಬಡ್ಡಿ ಮತ್ತು ವಕೀಲರ ಖರ್ಚನ್ನು 30 ದಿನದೊಳಗೆ ತುಂಬಿಕೊಡುತ್ತಾರೆ. ಅನುಬಂಧದಲ್ಲಿ ಇಲ್ಲದ, ಆದರೆ ಜೂನ್ 30ರವರೆಗಿನ ವ್ಯಾಪಾರಕ್ಕೆ ಸೇರಿದ ತೆರಿಗೆ ಅಥವಾ ಸಾಲ ಮುಂದೆ ಬಂದರೆ ಇಬ್ಬರೂ ಸಮನಾಗಿ ಭರಿಸುತ್ತೇವೆ. ಒಬ್ಬರು ಇನ್ನೊಬ್ಬರಿಗೆ ಹೇಳದೆ ಮಾಡಿದ ವ್ಯವಹಾರದ ಸಾಲ ಮಾಡಿದವರದ್ದೇ. ನೋಟಿಸು ಯಾರಿಗೆ ಬಂದರೂ 7 ದಿನದೊಳಗೆ ಇನ್ನೊಬ್ಬರಿಗೆ ಪ್ರತಿ ಕೊಡಬೇಕು. ಲೆಕ್ಕಪುಸ್ತಕಗಳು ಎರಡನೆಯ ಪಾಲುದಾರರ ಬಳಿ ಇರುತ್ತವೆ, ಮೊದಲನೆಯವರು ಯಾವಾಗ ಬೇಕಾದರೂ ನೋಡಬಹುದು.”

ನೋಡಬಹುದು ಎಂದು ಬರೆದಿದ್ದರೂ ಟ್ಯಾಲಿ ಬ್ಯಾಕಪ್ ಮತ್ತು ರಿಟರ್ನ್‌ಗಳ ಪ್ರತಿಯನ್ನು ಅಂದೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಜಿಎಸ್‌ಟಿ ಲೆಕ್ಕವನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು.

ಜಿಎಸ್‌ಟಿಯಲ್ಲಿ ಕೆಲಸಗಳ ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ಮೊದಲು ನಿಮ್ಮ ಸ್ನೇಹಿತರು ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿ ಪಡೆಯಬೇಕು. ಆಮೇಲೆ ಆಸ್ತಿ-ಸಾಲ ಸಮೇತ ನಡೆಯುವ ವ್ಯಾಪಾರವನ್ನೇ ಅವರಿಗೆ ವಹಿಸಿಕೊಟ್ಟಂತೆ ತೋರಿಸಿ, ಫರ್ಮಿನಲ್ಲಿ ಉಳಿದ ತೆರಿಗೆ ಕ್ರೆಡಿಟ್ಟನ್ನು ITC-02 ಅರ್ಜಿಯಲ್ಲಿ ವರ್ಗಾಯಿಸಬೇಕು. ಇದಕ್ಕೆ ಸಿಎ ಪ್ರಮಾಣಪತ್ರ ಬೇಕು. ಪತ್ರದಲ್ಲಿ ಸಾಲಗಳನ್ನೂ ಅವರು ವಹಿಸಿಕೊಂಡಿದ್ದಾರೆ ಎಂಬ ಮಾತು ಇರಲೇಬೇಕು. ಅದಾದ ಮೇಲೆ ಹಳೇ ನೋಂದಣಿ ರದ್ದಿಗೆ GST REG-16. ಇದನ್ನು ವಿಸರ್ಜನೆಯಾದ 30 ದಿನದೊಳಗೆ ಹಾಕಬೇಕು. ರದ್ದಾದ ಮೇಲೆ 3 ತಿಂಗಳೊಳಗೆ ಕೊನೆಯ ರಿಟರ್ನ್ GSTR-10. ಇದನ್ನು ಉಲ್ಟಾ ಮಾಡಿ ಮೊದಲೇ ರದ್ದು ಮಾಡಿಸಿದರೆ, ಅಂದು ಕೈಯಲ್ಲಿರುವ ಸರಕಿನ ಮೇಲೆ ಫರ್ಮ್ ತೆರಿಗೆ ಕಟ್ಟಬೇಕಾಗುತ್ತದೆ. 15.50 ಲಕ್ಷದ ಸರಕಿಗೆ 18% ಎಂದು ಹಿಡಿದರೂ 2.79 ಲಕ್ಷ. ನಿಮ್ಮ ಪಾಲಿನಿಂದ ಅದರ ಅರ್ಧ ಕರಗುತ್ತದೆ.

ಆದಾಯ ತೆರಿಗೆಯ ಒಂದು ವಿಷಯವನ್ನೂ ಆಡಿಟರ್ ಹತ್ತಿರ ಸಹಿಗೆ ಮೊದಲೇ ಕೇಳಿ. ಫರ್ಮ್ ಮುಗಿಸುವಾಗ ಪಾಲುದಾರರು ತೆಗೆದುಕೊಂಡ ಸರಕು ಮತ್ತು ಆಸ್ತಿಯನ್ನು, ಫರ್ಮ್ ಅಂದಿನ ಮಾರುಕಟ್ಟೆ ಬೆಲೆಗೆ ಮಾರಿದಂತೆ ಇಲಾಖೆ ಲೆಕ್ಕ ಹಿಡಿಯುತ್ತದೆ. ನಿಮ್ಮಲ್ಲಿ ಸರಕಿನ ಬೆಲೆ ಇಳಿದಿರುವುದರಿಂದ ಅದರಲ್ಲಿ ಲಾಭ ಬರುವುದಿಲ್ಲ, ಆದರೆ ಗುಡ್‌ವಿಲ್ ಮೊತ್ತಕ್ಕೆ ತೆರಿಗೆ ಬೀಳುವ ಸಾಧ್ಯತೆ ಇದೆ. ಬಿದ್ದರೆ ಅದನ್ನೂ ಸಾಲದ ಪಟ್ಟಿಗೆ ಸೇರಿಸಿ ಆಮೇಲೆ 5.55 ಲಕ್ಷವನ್ನು ತಿದ್ದಿಕೊಳ್ಳಿ.

ಪತ್ರವನ್ನು ಇ-ಸ್ಟಾಂಪ್ ಕಾಗದದಲ್ಲಿ, ಇಬ್ಬರು ಸಾಕ್ಷಿಗಳ ಮುಂದೆ, ಎರಡು ಮೂಲ ಪ್ರತಿಗಳಾಗಿ ಮಾಡಿ. ಸ್ಟಾಂಪಿನ ಮೊತ್ತವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂದಿನ ದರ ಕೇಳಿಯೇ ಹಾಕಿಸಿ. ಕಮ್ಮಿ ಸ್ಟಾಂಪಿನ ಪತ್ರವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಲು ಹೋದರೆ, ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕೇಳುತ್ತಾರೆ. ನಿಮ್ಮದು ಬಾಡಿಗೆ ಮಳಿಗೆ, ಹಾಗಾಗಿ ಪತ್ರದ ನೋಂದಣಿಯ ಪ್ರಶ್ನೆ ಇಲ್ಲ. ಫರ್ಮಿನ ಹೆಸರಿನಲ್ಲಿ ಕಟ್ಟಡವೋ ಜಾಗವೋ ಇದ್ದು ಅದು ಒಬ್ಬರಿಗೆ ಹೋಗುವುದಾದರೆ ಮಾತು ಬೇರೆ.

ಸಹಿಯಾದ ಮೇಲೆ ಹೊರಗಿನವರಿಗೆ ತಿಳಿಸದಿದ್ದರೆ ಪತ್ರ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. 45ನೇ ಕಲಂ ನೋಡಿ: ವಿಸರ್ಜನೆ ಆಗಿದ್ದರೂ ಸಾರ್ವಜನಿಕ ನೋಟಿಸ್ ಕೊಡುವವರೆಗೆ, ಒಬ್ಬ ಪಾಲುದಾರ ಮಾಡಿದ ಕೆಲಸಕ್ಕೆ ಇನ್ನೊಬ್ಬರೂ ಹೊರಗಿನವರಿಗೆ ಹೊಣೆಯಾಗಿಯೇ ಇರುತ್ತಾರೆ. ಜುಲೈನಲ್ಲಿ ಸೇಲ್ಸ್‌ಮನ್ ಬಂದು ಎಂದಿನಂತೆ ಹಳೇ ಹೆಸರಿಗೆ 3 ಲಕ್ಷದ ಮಾಲು ಉದ್ರಿ ಇಳಿಸಿ ಹೋದರೆ, ಆ 3 ಲಕ್ಷ ನಿಮ್ಮ ತಲೆಗೂ ಬರಬಹುದು. ನೋಟಿಸ್ ಹೇಗೆ ಕೊಡಬೇಕು ಎಂಬುದನ್ನು 72ನೇ ಕಲಂ ಹೇಳಿದೆ. ನೋಂದಾಯಿತ ಫರ್ಮ್ ಆದ್ದರಿಂದ ಮೂರೂ ಬೇಕು: ಫರ್ಮುಗಳ ರಿಜಿಸ್ಟ್ರಾರ್‌ಗೆ 63ನೇ ಕಲಂ ಪ್ರಕಾರ ತಿಳಿವಳಿಕೆ, ರಾಜ್ಯಪತ್ರದಲ್ಲಿ ಪ್ರಕಟಣೆ, ತುಮಕೂರು ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಬರೀ ಪೇಪರ್‌ನಲ್ಲಿ ಹಾಕಿ ಸುಮ್ಮನಾಗುವವರೇ ಜಾಸ್ತಿ, ಅದು ಸಾಲದು. ಜೊತೆಗೆ ಮಾಲು ಕೊಡುವ ಪ್ರತಿ ಪಾರ್ಟಿಗೂ, ಮಳಿಗೆ ಮಾಲೀಕರಿಗೂ, ಉದ್ದಿಮೆ ಪರವಾನಗಿ ಕೊಟ್ಟ ನಗರಸಭೆಗೂ ಒಂದೊಂದು ಪತ್ರ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪಾರ್ಟಿಗಳಿಗೆ ಇಷ್ಟು ಸಾಕು:

“ನಮ್ಮ ಪಾಲುದಾರಿಕೆ ಫರ್ಮ್ ಜೂನ್ 30ರಂದು ವಿಸರ್ಜನೆಯಾಗಿದೆ. ಅಂದಿನವರೆಗಿನ ನಿಮ್ಮ ಬಾಕಿ ನಮ್ಮ ಪುಸ್ತಕದ ಪ್ರಕಾರ ₹____. ವ್ಯತ್ಯಾಸವಿದ್ದರೆ 15 ದಿನದೊಳಗೆ ತಿಳಿಸಿ. ಜುಲೈ 1ರಿಂದ ಫರ್ಮಿನ ಹೆಸರು ಅಥವಾ ಹಳೇ ಜಿಎಸ್‌ಟಿ ನಂಬರಿಗೆ ಮಾಲು ಕಳಿಸಬೇಡಿ. ಆಮೇಲಿನ ಯಾವ ಖರೀದಿಗೂ ಮೊದಲನೆಯ ಪಾಲುದಾರರು ಹೊಣೆಯಲ್ಲ.”

ಸ್ನೇಹಿತರು ಇದಕ್ಕೆಲ್ಲ ಒಪ್ಪದೆ, ತಾವು ತಂದ ಒಂದು ಪುಟಕ್ಕೇ ಸಹಿ ಹಾಕು ಎಂದು ಪಟ್ಟು ಹಿಡಿದರೆ ಏನು ಮಾಡುವುದು? ನಿಮ್ಮ ಮೂಲ ಪಾಲುದಾರಿಕೆ ಪತ್ರ ತೆಗೆದು ನೋಡಿ. ಅದರಲ್ಲಿ ಇಷ್ಟು ವರ್ಷ ಎಂಬ ಅವಧಿಯೂ ಇಲ್ಲದೆ, ಮುಗಿಸುವ ಬಗೆಯೂ ಇಲ್ಲದಿದ್ದರೆ, 43ನೇ ಕಲಂ ಪ್ರಕಾರ ನೀವೊಬ್ಬರೇ ಲಿಖಿತ ನೋಟಿಸ್ ಕೊಟ್ಟು ಫರ್ಮನ್ನು ಮುಗಿಸಬಹುದು. ನೋಟಿಸಿನಲ್ಲಿ ತಾರೀಕು ಬರೆದಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರಿಗೆ ತಲುಪಿದ ದಿನದಿಂದ ವಿಸರ್ಜನೆ. ಅಂಚೆಯಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಅವಧಿ ಇದ್ದರೆ ಅಥವಾ ಪಂಚಾಯ್ತಿಗೆ ಮಧ್ಯಸ್ಥರನ್ನು ನೇಮಿಸಬೇಕು ಎಂಬ ಷರತ್ತು ಇದ್ದರೆ ಆ ದಾರಿಯಲ್ಲೇ ಹೋಗಬೇಕು. ವಿಸರ್ಜನೆ ಆದ ದಿನದಿಂದ ಲೆಕ್ಕ ಕೇಳಿ ದಾವೆ ಹಾಕಲು 3 ವರ್ಷ ಮಾತ್ರ ಸಮಯ. ‘ಕೊಡ್ತೀನಿ, ನೋಡೋಣ’ ಎಂಬ ಮಾತಿನಲ್ಲಿ ಆ 3 ವರ್ಷ ಕಳೆದುಹೋಗದಂತೆ, ನೋಟಿಸಿನ ಜೊತೆಗೇ ನಿಮ್ಮ ಲೆಕ್ಕದ ಹಾಳೆಯನ್ನೂ 5.55 ಲಕ್ಷದ ಬೇಡಿಕೆಯನ್ನೂ ಕಳಿಸಿ.